ಮಗು, ಉಬ್ಬಸದ ಅತ್ತೆ, ಒಂದೇ ಕೋಣೆ: ಸೊಳ್ಳೆಗೆ ಏನು ಮಾಡೋದು?

ಪ್ರಶ್ನೆ: ನಾವಿರೋದು ದಾವಣಗೆರೆಯಲ್ಲಿ. ಮನೆ ಹಿಂದೇನೇ ದೊಡ್ಡ ಚರಂಡಿ. ಮಲಗೋ ಕೋಣೆ ಹತ್ತಡಿಗೆ ಹನ್ನೆರಡಡಿ. ಅದರಲ್ಲೇ ನಾನು, ಒಂದೂವರೆ ವರ್ಷದ ಮಗಳು, ನಮ್ಮತ್ತೆ ಮಲಗ್ತೀವಿ. ಅತ್ತೆಗೆ ಉಬ್ಬಸ ಇದೆ. ಇಷ್ಟು ದಿನ ಕಾಯಿಲ್ ಹಚ್ತಿದ್ವಿ. ಲಿಕ್ವಿಡ್ ಮಷೀನ್ ಹಾಕಿದ್ರೂ ಸೊಳ್ಳೆ ಕಚ್ಚುತ್ತೆ. ಕ್ರೀಮ್ ಹಚ್ಚಿದ್ರೆ ಮಗು ಕೈ ಬಾಯಿಗೆ ಇಟ್ಕೊಳ್ಳುತ್ತೆ ಅಂತ ಭಯ. ಈಗ ಬಟ್ಟೆಗೆ ಅಂಟಿಸೋ ಪ್ಯಾಚ್ ಬಂದಿದೆಯಲ್ಲ, ಅದೇ ಒಳ್ಳೇದಾ? ಯಾವುದು ನಿಜವಾಗ್ಲೂ ಕೆಲಸ ಮಾಡುತ್ತೆ, ಯಾವುದರಿಂದ ತೊಂದರೆ ಇಲ್ಲ?

ಉತ್ತರ: ಇವತ್ತು ರಾತ್ರಿಯಿಂದಲೇ ಕಾಯಿಲ್ ನಿಲ್ಲಿಸಿ. ಪ್ಯಾಚ್‌ಗೆ ದುಡ್ಡು ಹಾಕಬೇಡಿ. ಲಿಕ್ವಿಡ್ ಮಷೀನ್ ಇರಲಿ, ಆದರೆ ಅದನ್ನು ಹಾಕುವ ಹೊತ್ತು ಬದಲಾಗಬೇಕು. ಮಲಗಿದ ಮೇಲೆ ನಿಮ್ಮನ್ನು ಕಾಯಬೇಕಾದ್ದು ಸೊಳ್ಳೆ ಪರದೆ. ಕ್ರೀಮ್ ಸಂಜೆ ಹೊತ್ತಿಗೆ ಮಾತ್ರ. ಯಾಕೆ ಹೀಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಕಾಯಿಲ್ ಪ್ಯಾಕನ್ನು ತಿರುಗಿಸಿ ಹಿಂಬದಿ ಓದಿ. ಸಣ್ಣ ಅಕ್ಷರದಲ್ಲಿ ಅಲೆಥ್ರಿನ್, ಟ್ರಾನ್ಸ್‌ಫ್ಲುಥ್ರಿನ್, ಮೆಪರ್‌ಫ್ಲುಥ್ರಿನ್ ಇಂಥ ಯಾವುದೋ ಒಂದು ಹೆಸರು ಇರುತ್ತದೆ. ಇವೆಲ್ಲ ಪೈರೆಥ್ರಾಯ್ಡ್ ಅನ್ನುವ ಒಂದೇ ಗುಂಪಿನ ಕೀಟನಾಶಕಗಳು. ಸೇವಂತಿಗೆ ಜಾತಿಯ ಒಂದು ಹೂವಿನಲ್ಲಿರುವ ಅಂಶವನ್ನು ನೋಡಿ ಕಾರ್ಖಾನೆಯಲ್ಲಿ ತಯಾರಿಸಿದವು. ಜಪಾನಿನಲ್ಲಿ ಮೊದಮೊದಲು ಕಾಯಿಲ್ ಮಾಡಿದ್ದೇ ಆ ಹೂವಿನ ಪುಡಿಯಿಂದ. ನಿಮ್ಮ ಲಿಕ್ವಿಡ್ ಬಾಟಲಿಯ ಹಿಂದೆ ನೋಡಿದರೂ ಇದೇ ಗುಂಪಿನ ಹೆಸರು ಸಿಗುತ್ತದೆ. ಅಂದರೆ ಕಾಯಿಲ್ ಬೇರೆ ಔಷಧಿ, ಲಿಕ್ವಿಡ್ ಬೇರೆ ಔಷಧಿ ಅಲ್ಲ. ಗಾಳಿಗೆ ಸೇರಿಸುವ ದಾರಿ ಮಾತ್ರ ಬೇರೆ.

ಎಷ್ಟು ಸೇರುತ್ತದೆ ಅಂತ ಲೆಕ್ಕ ಹಾಕೋಣ. ಒಂದು ಕಾಯಿಲ್ ಸುಮಾರು 12 ಗ್ರಾಂ ತೂಗುತ್ತದೆ ಅಂದುಕೊಳ್ಳಿ. ಅದರಲ್ಲಿ ಔಷಧಿ ಶೇಕಡಾ 0.05 ಇದ್ದರೆ, ಇಡೀ ಕಾಯಿಲ್‌ನಲ್ಲಿ ಇರುವುದು 6 ಮಿಲಿಗ್ರಾಂ. ಉಳಿದದ್ದೆಲ್ಲ ಮರದ ಪುಡಿ, ತೆಂಗಿನ ಚಿಪ್ಪಿನ ಪುಡಿ, ಅಂಟು, ಬಣ್ಣ. ಇನ್ನು ಲಿಕ್ವಿಡ್. 45 ಮಿ.ಲೀ. ಬಾಟಲಿಯ ದ್ರವ ನೀರಿಗಿಂತ ಹಗುರ, ಸುಮಾರು 36 ಗ್ರಾಂ ತೂಗುತ್ತದೆ ಅಂದುಕೊಳ್ಳಿ. ಆ ತೂಕದಲ್ಲಿ ಔಷಧಿ ಶೇಕಡಾ 1.6 ಇದ್ದರೆ ಒಟ್ಟು ಸುಮಾರು 580 ಮಿಲಿಗ್ರಾಂ ಆಗುತ್ತದೆ. ರಾತ್ರಿಗೆ ಎಂಟು ಗಂಟೆಯಂತೆ ಅದು ಅರವತ್ತು ರಾತ್ರಿ ಬಂದರೆ ಒಂದು ರಾತ್ರಿಗೆ ಹತ್ತು ಮಿಲಿಗ್ರಾಂ ಹತ್ತಿರ. ಎರಡೂ ಹೆಚ್ಚುಕಮ್ಮಿ ಒಂದೇ ಅಳತೆ, ಅಲ್ವಾ? ಸೊಳ್ಳೆಗೆ ತಾಗುವುದು ಈ ಕೆಲವೇ ಮಿಲಿಗ್ರಾಂ. ಆದರೆ ಕಾಯಿಲ್‌ನಲ್ಲಿ ಅದನ್ನು ಹೊರಗೆ ತರಲು 12 ಗ್ರಾಂ ಕಟ್ಟಿಗೆ ಪುಡಿಯನ್ನು ನೀವು ಮಲಗುವ ಕೋಣೆಯೊಳಗೆ ಸುಡುತ್ತೀರಿ.

"ಘಾಟು ಜಾಸ್ತಿ ಇದ್ದರೆ ಪವರ್ ಜಾಸ್ತಿ" ಅಂತ ನಂಬಿದವರು ತುಂಬ ಜನ. ನಿಜಕ್ಕೂ ಸೊಳ್ಳೆಯನ್ನು ಓಡಿಸುವುದು ಮುಖ್ಯವಾಗಿ ಔಷಧಿಯ ಆವಿ, ಹೊಗೆ ಅಲ್ಲ. ಹೊಗೆಯಿಂದ ಆಗುವುದೆಲ್ಲ ನಿಮ್ಮ ಎದೆಗೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ಕಾಯಿಲ್‌ಗಳನ್ನು ಸುಟ್ಟು ಅಳೆದಾಗ, ಒಂದು ಕಾಯಿಲ್‌ನಿಂದ ಬಂದ ಅತಿ ಸಣ್ಣ ಹೊಗೆಕಣಗಳು 75ರಿಂದ 137 ಸಿಗರೇಟು ಸುಟ್ಟಾಗ ಬರುವಷ್ಟಿದ್ದವು. ಈ ಕಣಗಳು ಮೂಗಿನಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ಒಳತುದಿಗೆ ಹೋಗುತ್ತವೆ. ಉಬ್ಬಸ ಇರುವ ಅತ್ತೆಗೆ ಮಧ್ಯರಾತ್ರಿ ಎದೆ ಬಿಗಿದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಗುವಿನ ವಿಷಯ ಇನ್ನೂ ಸೂಕ್ಷ್ಮ. ಅದು ನಮಗಿಂತ ಬೇಗ ಬೇಗ ಉಸಿರಾಡುತ್ತದೆ, ಮಲಗುವುದೂ ನಮಗಿಂತ ಜಾಸ್ತಿ ಹೊತ್ತು.

ಹೊಗೆ ಇಲ್ಲದ ಕಾಯಿಲ್ ತರುತ್ತೇವೆ ಅಂತ ಕೆಲವರು ಕೇಳುತ್ತಾರೆ. ಪುಣೆಯ ಸಂಶೋಧಕರು ಅವುಗಳನ್ನೂ ಮುಚ್ಚಿದ ಕೋಣೆಯಲ್ಲಿ ಸುಟ್ಟು ಅಳೆದಿದ್ದಾರೆ. ಹೊಗೆಕಣ ತೀರಾ ಕಡಿಮೆ ಇತ್ತು, ಆದರೆ ಕಾರ್ಬನ್ ಮೊನಾಕ್ಸೈಡ್ ಬಹಳ ಜಾಸ್ತಿ ಇತ್ತು. ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಅಂತ ತಿಳಿಯಬೇಡಿ. ಕಾಯಿಲ್ ಹಚ್ಚಲೇಬೇಕು ಅನ್ನುವುದಾದರೆ ಅದಕ್ಕೆ ಜಾಗ ಅಂಗಳ ಇಲ್ಲವೇ ತೆರೆದ ಜಗಲಿ. ಮನೆಯೊಳಗೆ ಬೇಡ.

ಕರೆಂಟು ಹೋದಾಗ ಏನು ಮಾಡುವುದು ಅನ್ನುತ್ತೀರಿ. ಆಗಲೂ ಕಾಯಿಲ್ ಬೇಡ, ಪರದೆ ಸಾಕು.

ಈಗ ಲಿಕ್ವಿಡ್ ಮಷೀನ್. ಹಾಕಿದರೂ ಕಚ್ಚುತ್ತದೆ ಅನ್ನುವ ದೂರು ನಿಮ್ಮೊಬ್ಬರದೇ ಅಲ್ಲ, ಬಹಳ ಜನರದು. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಹೀಗೆ: ಸಂಜೆ ಏಳು ಎಂಟರವರೆಗೆ ಕಿಟಕಿ ತೆರೆದಿರುತ್ತದೆ. ಚರಂಡಿಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಮುಸ್ಸಂಜೆಗೇ ಒಳಗೆ ಬಂದು ಮಂಚದ ಕೆಳಗೆ, ಬಟ್ಟೆ ತೂಗುಹಾಕಿದ ಗೂಟದ ಹಿಂದೆ ಕೂತುಬಿಡುತ್ತದೆ. ಹತ್ತು ಗಂಟೆಗೆ ಮಲಗುವಾಗ ನೀವು ಮಷೀನ್ ಹಾಕುತ್ತೀರಿ, ಫ್ಯಾನ್ ಐದರಲ್ಲಿ ತಿರುಗುತ್ತಿರುತ್ತದೆ. ಮಷೀನ್ ಬಿಸಿಯಾಗಿ ಬತ್ತಿಯಿಂದ ಆವಿ ಹೊರಟು ಕೋಣೆ ತುಂಬಲು ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆಯಲ್ಲಿ ಸೊಳ್ಳೆ ತನ್ನ ಕೆಲಸ ಮುಗಿಸಿರುತ್ತದೆ. ಕಿಟಕಿ ತೆಗೆದಿದ್ದರಂತೂ ಆವಿ ತುಂಬುವ ಮೊದಲೇ ಹೊರಗೆ ಹೋಗುತ್ತದೆ. ಕಿಟಕಿ ಮುಚ್ಚಿದರೆ ಔಷಧಿ ಇಡೀ ರಾತ್ರಿ ನಿಮ್ಮ ಮೂವರ ಉಸಿರಿಗೆ. ಇದೇ ಈ ಮಷೀನಿನ ನಿಜವಾದ ಇಕ್ಕಟ್ಟು. ಸೊಳ್ಳೆಗೆ ತಾಗುವ ಹಾಗೆ ಮಾಡಿದರೆ ಮನುಷ್ಯರಿಗೆ ಗಾಳಿ ಇಲ್ಲ, ಗಾಳಿ ಬಿಟ್ಟರೆ ಸೊಳ್ಳೆಗೆ ತಾಗುವುದಿಲ್ಲ.

ಇದಕ್ಕೆ ದಾರಿ ಹೊತ್ತು ಬದಲಿಸುವುದು. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಕೋಣೆಯ ಕಿಟಕಿ ಮುಚ್ಚಿ. ಮೂಲೆಗಳಲ್ಲಿ ನೇತಾಡುವ ಬಟ್ಟೆಗಳನ್ನು ಒಮ್ಮೆ ಕೊಡವಿ, ಅಡಗಿದ್ದು ಎದ್ದು ಹಾರಲಿ. ಮಷೀನ್ ಹಾಕಿ, ಫ್ಯಾನ್ ನಿಲ್ಲಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬನ್ನಿ. ಒಂದೂವರೆ ಗಂಟೆ ಹಾಗೇ ಬಿಡಿ. ಆಮೇಲೆ ನೀವೊಬ್ಬರೇ ಒಳಗೆ ಹೋಗಿ ಮಷೀನ್ ಆರಿಸಿ, ಕಿಟಕಿ ಬಾಗಿಲು ತೆಗೆದು, ಫ್ಯಾನ್ ಹಾಕಿ ಅರ್ಧ ಗಂಟೆ ಗಾಳಿಯಾಡಲಿ. ಕಿಟಕಿಗೆ ಜಾಲರಿ ಇದ್ದರೆ ರಾತ್ರಿಯೆಲ್ಲ ತೆರೆದಿಡಬಹುದು. ಇಲ್ಲದಿದ್ದರೆ ಗಾಳಿಯಾಡಿಸುವಾಗ ಒಂದೆರಡು ಸೊಳ್ಳೆ ಮತ್ತೆ ಬರುತ್ತವೆ, ಬರಲಿ. ಅವಕ್ಕೆ ಪರದೆ ಇದೆ. ಈ ಲೆಕ್ಕದಲ್ಲಿ ರಾತ್ರಿಗೆ ಹತ್ತು ಮಿಲಿಗ್ರಾಂ ಬದಲು ಎರಡು ಮಿಲಿಗ್ರಾಂ ಸಾಕಾಗುತ್ತದೆ, ಅದೂ ಕೋಣೆಯಲ್ಲಿ ಯಾರೂ ಇಲ್ಲದಾಗ. ಬಾಟಲಿಯೂ ನಾಲ್ಕೈದು ಪಟ್ಟು ಬಾಳುತ್ತದೆ.

ಮಷೀನ್ ಎಲ್ಲಿ ಸಿಕ್ಕಿಸಿದ್ದೀರಿ ಅನ್ನುವುದೂ ಮುಖ್ಯ. ಬೀರು ಹಿಂದೆ, ಪರದೆ ಬಟ್ಟೆಯ ಕೆಳಗೆ, ದಿಂಬಿನ ಪಕ್ಕ ಬೇಡ. ಸುತ್ತ ಗಾಳಿ ಹರಿದಾಡುವ, ಮಗುವಿನ ಕೈಗೆ ಎಟುಕದ ಪ್ಲಗ್ ಬೇಕು. ಬತ್ತಿಯ ತುದಿ ಕಪ್ಪಾಗಿ ಗಟ್ಟಿಯಾಗಿದ್ದರೆ ದ್ರವ ಮೇಲೇರುವುದಿಲ್ಲ. ಬಾಟಲಿಯ ಮಟ್ಟಕ್ಕೆ ಪೆನ್ನಿನಿಂದ ಒಂದು ಗೆರೆ ಹಾಕಿ ವಾರ ಬಿಟ್ಟು ನೋಡಿ. ಗೆರೆಯಿಂದ ಕೆಳಗೆ ಇಳಿದೇ ಇಲ್ಲ ಅಂದರೆ ಮಷೀನ್ ದೀಪ ಮಾತ್ರ ಉರಿಸುತ್ತಿದೆ, ಕೆಲಸ ಮಾಡುತ್ತಿಲ್ಲ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಬೇರೆ ಕೋಣೆಗೆ ಸಾಗಿಸಿ. ಈ ಗುಂಪಿನ ಔಷಧಿ ಮೀನಿಗೆ ತುಂಬಾ ವಿಷ.

ಇಷ್ಟೆಲ್ಲ ಸರಿ ಮಾಡಿದರೂ ಸೊಳ್ಳೆ ಬೀಳದಿದ್ದರೆ ಇನ್ನೊಂದು ಕಾರಣ ಇರಬಹುದು. ವರ್ಷಗಟ್ಟಲೆ ಒಂದೇ ಗುಂಪಿನ ಔಷಧಿ ತಿಂದು ಬದುಕಿದ ಸೊಳ್ಳೆಗಳ ಸಂತಾನಕ್ಕೆ ಅದು ನಾಟುವುದಿಲ್ಲ. ಪೈರೆಥ್ರಾಯ್ಡ್ ಹೋಗಿ ಹಿಡಿಯುವುದು ಸೊಳ್ಳೆಯ ನರದಲ್ಲಿರುವ ಒಂದು ಬಾಗಿಲನ್ನು. ಆ ಬಾಗಿಲಿನ ಆಕಾರವೇ ಸ್ವಲ್ಪ ಬದಲಾದರೆ ಹಿಡಿತ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಡೆಂಗಿ ಹರಡುವ ಸೊಳ್ಳೆಗಳಲ್ಲೂ ಸಂಶೋಧಕರು ಇಂಥ ಬದಲಾವಣೆ ಕಂಡಿದ್ದಾರೆ.

ನಿಮ್ಮ ಮನೆಯಲ್ಲಿ ಹೀಗಾಗಿದೆಯಾ ಅಂತ ನೀವೇ ನೋಡಬಹುದು. ಮಷೀನ್ ಆರಿಸಿದ ಮೇಲೆ ನೆಲದ ಮೇಲೆ, ಕಿಟಕಿ ಅಂಚಿನಲ್ಲಿ ಬಿದ್ದ ಸೊಳ್ಳೆಗಳನ್ನು ಒಂದು ಕಾಗದದಿಂದ ಮೆಲ್ಲಗೆ ಎತ್ತಿ ತೊಳೆದ ಗಾಜಿನ ಬಾಟಲಿಗೆ ಹಾಕಿ. ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೇಲೆ ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ ಇಡಿ. ಬಾಟಲಿಯನ್ನು ಬೇರೆ ಕೋಣೆಯಲ್ಲಿ ಇಟ್ಟು ಮರುದಿನ ಸಂಜೆ ನೋಡಿ. ಬಹುಪಾಲು ಸತ್ತಿದ್ದರೆ ಔಷಧಿ ನಾಟುತ್ತಿದೆ. ಬಹುಪಾಲು ಎದ್ದು ಹಾರಾಡುತ್ತಿದ್ದರೆ ಅವು ಬಿದ್ದದ್ದು ಬರೀ ತಲೆ ತಿರುಗಿ. ಆಗ ಬ್ರ್ಯಾಂಡ್ ಬದಲಿಸಿ ಪ್ರಯೋಜನ ಕಡಿಮೆ, ಯಾಕೆಂದರೆ ಹೆಸರು ಬೇರೆಯಾದರೂ ಗುಂಪು ಅದೇ. ಕಾಯಿಲ್, ಮ್ಯಾಟ್, ಅಂಗಡಿಯ ಸ್ಪ್ರೇ ಎಲ್ಲದರಲ್ಲೂ ಸಾಮಾನ್ಯವಾಗಿ ಇದೇ ಗುಂಪು. ಮಷೀನ್ ಎರಡೆರಡು ಹಾಕುವುದು, "ಹೈ"ನಲ್ಲಿ ಇಡೀ ರಾತ್ರಿ ಓಡಿಸುವುದು ಬೇಡವೇ ಬೇಡ. ಅಂಥ ಮನೆಗೆ ಜಾಲರಿ ಮತ್ತು ಪರದೆಯೇ ಗತಿ.

ಅತ್ತೆಯ ವಿಷಯದಲ್ಲಿ ಒಂದು ಮಾತು. ಲಿಕ್ವಿಡ್‌ನಲ್ಲಿ ಹೊಗೆ ಇಲ್ಲ ನಿಜ. ಆದರೆ ಔಷಧಿಯ ಆವಿ, ಸೇರಿಸಿದ ಸುಗಂಧ, ಸೀಮೆಎಣ್ಣೆ ಜಾತಿಯ ದ್ರಾವಕ ಇವು ಕೆಲವು ಉಬ್ಬಸದವರಿಗೆ ಆಗಿಬರುವುದಿಲ್ಲ. ಹದಿನೈದು ದಿನ ಮೇಲಿನಂತೆ ಮಾಡಿ ಗಮನಿಸಿ. ಕೋಣೆಗೆ ಹೋದ ಕೂಡಲೇ ಕೆಮ್ಮು ಬರುತ್ತದಾ, ರಾತ್ರಿ ಇನ್ಹೇಲರ್ ಕೇಳುವುದು ಜಾಸ್ತಿಯಾಗಿದೆಯಾ ನೋಡಿ. ಹೌದಾದರೆ ಆ ಕೋಣೆಯಲ್ಲಿ ಮಷೀನನ್ನೂ ಬಿಟ್ಟುಬಿಡಿ, ಅವರ ಡಾಕ್ಟರಿಗೂ ಹೇಳಿ.

ಪರದೆಗೆ ಬರೋಣ. ಇಷ್ಟರಲ್ಲಿ ಗಾಳಿಗೆ ಏನನ್ನೂ ಬೆರೆಸದೆ ಇಡೀ ರಾತ್ರಿ ಕೆಲಸ ಮಾಡುವುದು ಇದೊಂದೇ. ಪರದೆಯೊಳಗೂ ಕಚ್ಚಿತು ಅನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ಎರಡು ತಪ್ಪು ಇರುತ್ತದೆ. ಒಂದು, ಪರದೆ ಚಿಕ್ಕದು. ಮಗು ಹೊರಳಿ ಮೊಣಕೈ ಬಟ್ಟೆಗೆ ತಾಗಿದರೆ ಸೊಳ್ಳೆ ಹೊರಗಿನಿಂದಲೇ ಚುಚ್ಚುತ್ತದೆ. ನಿಮ್ಮ ಮಂಚಕ್ಕಿಂತ ಒಂದು ಅಳತೆ ದೊಡ್ಡದು ತನ್ನಿ, ಅಂಚನ್ನು ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸಿ. ಗೋಡೆ ಕಡೆ ಮಗುವನ್ನು ಮಲಗಿಸುವುದಾದರೆ ಪರದೆಯೊಳಗೆ ಆ ಬದಿಗೆ ಮಡಚಿದ ರಗ್ಗನ್ನು ಹಾಸಿಗೆ ಅಂಚಿನ ಕೆಳಗೆ ತುರುಕಿ, ಪರದೆ ಹೊರಗೆ ಸರಿದು ನಿಲ್ಲುತ್ತದೆ. ಎರಡು, ಮಲಗುವಾಗ ಪರದೆ ಎತ್ತಿದಾಗಲೇ ಒಂದು ಸೊಳ್ಳೆ ಒಳಗೆ ಬಂದಿರುತ್ತದೆ. ಸಂಜೆಯೇ, ಕೋಣೆ ಖಾಲಿ ಇರುವಾಗಲೇ ಪರದೆ ಇಳಿಸಿಬಿಡಿ. ಮಲಗಿದ ಮೇಲೆ ಟಾರ್ಚ್ ಹಾಕಿ ನಾಲ್ಕು ಮೂಲೆ ನೋಡಿ. ಬೆಳಿಗ್ಗೆ ಒಳಬದಿಯಲ್ಲಿ ಕೆಂಪು ಹೊಟ್ಟೆಯ ಸೊಳ್ಳೆ ಕೂತಿದ್ದರೆ ಎಲ್ಲೋ ತೂತಿದೆ ಇಲ್ಲವೇ ಅಂಚು ಬಿಟ್ಟಿದೆ ಅಂತ ಅರ್ಥ. ಸೂಜಿ ದಾರ ತೆಗೆದುಕೊಳ್ಳಿ.

ಹಗಲನ್ನು ಮರೆಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯದಲ್ಲ, ಸಂಪು, ಡ್ರಮ್ಮು, ಹೂಕುಂಡದ ತಟ್ಟೆಯಲ್ಲಿ ನಿಂತ ನೀರಿನದು. ಕಚ್ಚುವುದು ಹಗಲಲ್ಲಿ, ಬೆಳಗಿನ ಹೊತ್ತು ಮತ್ತು ಸಂಜೆಗೆ ಮುಂಚೆ ಜಾಸ್ತಿ. ಮಗಳು ಮಧ್ಯಾಹ್ನ ಮಲಗುವಾಗ ಯಾರೂ ಪರದೆ ಕಟ್ಟುವುದಿಲ್ಲ. ಕೊಡೆಯ ಹಾಗೆ ಬಿಚ್ಚುವ ಮಕ್ಕಳ ಪರದೆ ಸಿಗುತ್ತದೆ, ಅದನ್ನು ಹಗಲಿಗೂ ಬಳಸಿ. ಒಂದೂವರೆ ವರ್ಷದ ಮಗು ಅದನ್ನು ತಳ್ಳಿಕೊಂಡು ಹೊರಬರುತ್ತದೆ ಅನ್ನಿಸಿದರೆ ದೊಡ್ಡ ಪರದೆಯನ್ನೇ ಇಳಿಸಿ.

ಕ್ರೀಮ್ ಬಗ್ಗೆ ನಿಮಗಿರುವ ಭಯ ಅರ್ಧ ಸರಿ. ಡೀಟ್, ಪಿಕಾರಿಡಿನ್, ನಮ್ಮ ಅಂಗಡಿಗಳಲ್ಲಿ ಸಿಗುವ ಡೈಈಥೈಲ್ ಬೆಂಜಮೈಡ್ ಇವು ಸೊಳ್ಳೆಯನ್ನು ಕೊಲ್ಲುವುದಿಲ್ಲ. ಹಚ್ಚಿದ ಚರ್ಮದ ಮೇಲೆ ಕೂರದ ಹಾಗೆ ಮಾಡುತ್ತವೆ. ಹಚ್ಚಿದ ಜಾಗಕ್ಕೆ ಮಾತ್ರ ರಕ್ಷಣೆ. ಮುಂಗಾಲಿಗೆ ಹಚ್ಚಿ ಹಿಮ್ಮಡಿ ಬಿಟ್ಟರೆ ಹಿಮ್ಮಡಿಗೇ ಕಚ್ಚುತ್ತದೆ. ಪ್ರಮಾಣ ಹೆಚ್ಚಿದ್ದರೆ ಹೆಚ್ಚು ಹೊತ್ತು ಇರುತ್ತದೆ: ಡೀಟ್ ಶೇಕಡಾ 10 ಇದ್ದರೆ ಸುಮಾರು ಎರಡು ಗಂಟೆ, 24ರ ಹತ್ತಿರ ಇದ್ದರೆ ಐದು ಗಂಟೆಯಷ್ಟು. ಬೆವರಿದರೆ ಇನ್ನೂ ಕಡಿಮೆ. ಹಾಗಾಗಿ ರಾತ್ರಿ ಹತ್ತಕ್ಕೆ ಹಚ್ಚಿದ್ದು ಬೆಳಗಿನ ಜಾವ ನಾಲ್ಕಕ್ಕೆ ಇರುವುದಿಲ್ಲ. ಅಷ್ಟರಲ್ಲಿ ಅರ್ಧ ದಿಂಬಿಗೆ, ಅರ್ಧ ಮಗುವಿನ ಬಾಯಿಗೆ ಹೋಗಿರುತ್ತದೆ. ಮಲಗುವ ಕೋಣೆಗೆ ಅದು ಹೇಳಿ ಮಾಡಿಸಿದ್ದಲ್ಲ.

ಆದರೆ ಸಂಜೆ ಕೋಣೆ ಮುಚ್ಚಿ ಹೊರಗೆ ಕೂರುತ್ತೀರಲ್ಲ, ಆಗ ಅದು ಒಳ್ಳೆಯದು. ಪ್ಯಾಕಿನ ಮೇಲೆ ಎಷ್ಟು ವಯಸ್ಸಿನಿಂದ ಅಂತ ಬರೆದಿರುತ್ತದೆ, ಅದನ್ನು ಪಾಲಿಸಿ. ಡೀಟ್ ಅನ್ನು ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಲೇಬಾರದು. ಮೊದಲು ನಿಮ್ಮ ಅಂಗೈಗೆ ತೆಗೆದುಕೊಂಡು ಆಮೇಲೆ ಮಗುವಿನ ಮೀನಖಂಡ, ಪಾದದ ಮೇಲ್ಭಾಗ, ಮೊಣಕೈ ಸುತ್ತ ತೆಳುವಾಗಿ ಸವರಿ. ಅಂಗೈ, ಬೆರಳು, ಮುಖಕ್ಕೆ ಬೇಡ, ಬಟ್ಟೆಯೊಳಗೂ ಬೇಡ. ಉದ್ದ ಪೈಜಾಮ ಹಾಕಿದರೆ ಹಚ್ಚುವ ಜಾಗವೇ ಕಡಿಮೆಯಾಗುತ್ತದೆ. ಪರದೆಯೊಳಗೆ ಮಲಗಿಸುವ ಮುಂಚೆ ಸೋಪು ನೀರಲ್ಲಿ ಕೈಕಾಲು ತೊಳೆಯಿರಿ.

ಪ್ಯಾಚ್ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಮಕ್ಕಳ ಪ್ಯಾಚ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಟ್ರೊನೆಲ್ಲಾ, ನೀಲಗಿರಿ ಎಣ್ಣೆ. 2002ರಲ್ಲಿ ಅಮೆರಿಕದಲ್ಲಿ ನಡೆದ ಹೆಸರಾಂತ ಪರೀಕ್ಷೆಯೊಂದರಲ್ಲಿ ಸಿಟ್ರೊನೆಲ್ಲಾವನ್ನು ನೇರವಾಗಿ ಚರ್ಮಕ್ಕೆ ಹಚ್ಚಿದಾಗಲೂ ಇಪ್ಪತ್ತು ನಿಮಿಷ ತಡೆಯಲಿಲ್ಲ. ಮಣಿಕಟ್ಟಿಗೆ ಕಟ್ಟುವ ಬ್ಯಾಂಡ್ ಒಂದು ನಿಮಿಷವೂ ತಡೆಯಲಿಲ್ಲ. ಹೀಗಿರುವಾಗ ಫ್ರಾಕಿನ ಬೆನ್ನಿಗೆ ಅಂಟಿಸಿದ ರೂಪಾಯಿ ಅಗಲದ ಸ್ಟಿಕ್ಕರ್ ಕಾಲನ್ನು ಹೇಗೆ ಕಾಯುತ್ತದೆ? ಜೊತೆಗೆ ನಿಮ್ಮ ಮಗಳ ವಯಸ್ಸಿಗೆ ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವುದು ಬಹಳ ಸುಲಭ, ಗಂಟಲಿಗೆ ಸಿಕ್ಕಬಹುದು. "ಪ್ಯಾಚ್ ಇದೆಯಲ್ಲ" ಅಂತ ಪರದೆ ಕಟ್ಟದೆ ಮಲಗಿಸುವುದು ಇನ್ನೂ ದೊಡ್ಡ ನಷ್ಟ.

ನೀವು ಕೇಳದಿದ್ದರೂ ಎರಡು ವಿಷಯ ಹೇಳಲೇಬೇಕು. ಪೇಟೆಯಲ್ಲಿ ಊದುಬತ್ತಿಯಂಥ ಸೊಳ್ಳೆ ಬತ್ತಿ ಬರುತ್ತಿದೆ. "ಬೇವು", "ಹರ್ಬಲ್" ಅಂತ ಬರೆದಿರುತ್ತದೆ, ಹಚ್ಚಿದ ಐದು ನಿಮಿಷಕ್ಕೆ ಸೊಳ್ಳೆ ಉದುರುತ್ತವೆ. ಸರ್ಕಾರದಲ್ಲಿ ನೋಂದಣಿಯಾಗದ ಕೀಟನಾಶಕ ಸೇರಿಸಿದ ಇಂಥ ಬತ್ತಿಗಳು ನಮ್ಮ ದೇಶದಲ್ಲಿ ಸಿಕ್ಕಿವೆ. ಕಾನೂನು ಪ್ರಕಾರ ಮನೆಯ ಕೀಟನಾಶಕದ ಪ್ಯಾಕಿನ ಮೇಲೆ ಔಷಧಿಯ ಹೆಸರು, ಶೇಕಡಾವಾರು, ನೋಂದಣಿ ಸಂಖ್ಯೆ, ಬಣ್ಣದ ಚೌಕದ ಎಚ್ಚರಿಕೆ ಗುರುತು ಇರಬೇಕು. ಇಲ್ಲದ್ದನ್ನು ಕೊಳ್ಳಬೇಡಿ. ಇನ್ನೊಂದು, ಖಾಲಿ ರೀಫಿಲ್‌ಗೆ ಕರ್ಪೂರ ಮತ್ತು ಬೇವಿನೆಣ್ಣೆ ತುಂಬಿಸುವ ವಿಡಿಯೋಗಳು. ಆ ಮಷೀನನ್ನು ಆ ದ್ರವಕ್ಕೆ ಅಂತ ಮಾಡಿಲ್ಲ, ಬೆಂಕಿ ಹತ್ತಬಹುದು. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಚಿಕ್ಕ ಮಗುವಿಗೆ ಫಿಟ್ಸ್ ಬರಬಹುದು.

ಲಿಕ್ವಿಡ್ ಬಾಟಲಿಯೂ ಅಷ್ಟೇ ಎಚ್ಚರಿಕೆಯ ವಸ್ತು. ಬಣ್ಣದ ಬಾಟಲಿ, ಒಳ್ಳೆ ವಾಸನೆ, ಗೋಡೆಯ ಕೆಳಗಿನ ಪ್ಲಗ್ಗು: ಮಗು ಕಿತ್ತು ಬಾಯಿಗಿಡಲು ಇಷ್ಟು ಸಾಕು. ಬಳಸಿ ಮುಗಿದ ಕೂಡಲೇ ಮಷೀನ್ ಸಮೇತ ತೆಗೆದು ಎತ್ತರದಲ್ಲಿ, ಬೀಗವಿರುವ ಕಡೆ ಇಡಿ. ಅಕಸ್ಮಾತ್ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಉಪ್ಪು ನೀರು, ಹಾಲು ಯಾವುದೂ ಬೇಡ. ವಾಂತಿಯಾಗುವಾಗ ಆ ಎಣ್ಣೆಯಂಥ ದ್ರಾವಕ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಗೆ ಹೋದದ್ದಕ್ಕಿಂತ ದೊಡ್ಡ ತೊಂದರೆ. ಬಾಯಿ ಒರೆಸಿ, ಬಟ್ಟೆಗೆ ಚೆಲ್ಲಿದ್ದರೆ ಬಟ್ಟೆ ಬದಲಿಸಿ, 108ಕ್ಕೆ ಕರೆ ಮಾಡಿ ಇಲ್ಲವೇ ನೇರ ಆಸ್ಪತ್ರೆಗೆ ಹೋಗಿ. ಮಗು ಆಡಿಕೊಂಡಿದ್ದರೂ ಹೋಗಿ, ಕೆಮ್ಮು ಮತ್ತು ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟು ಶುರುವಾಗಬಹುದು. ಬಾಟಲಿಯನ್ನು ಜೊತೆಗೇ ಒಯ್ಯಿರಿ, ಯಾವ ಔಷಧಿ, ಎಷ್ಟು ಖಾಲಿಯಾಗಿದೆ ಅಂತ ಡಾಕ್ಟರಿಗೆ ಅದನ್ನು ನೋಡಿದರೆ ತಿಳಿಯುತ್ತದೆ. ಪೆನ್ನಿನ ಗೆರೆ ಹಾಕಿದ್ದರೆ ಅಲ್ಲೂ ಉಪಯೋಗಕ್ಕೆ ಬರುತ್ತದೆ.